ಹೊರಚಾಚಿದ ತುದಿ ಯಾವ ಕಡೆಗೆ

ಉತ್ತರ ಪತ್ರಿಕೆ ತಿದ್ದುವ ಕೆಲಸಕ್ಕೆ ಆದೇಶ ಬಂದಾಗಲೆಲ್ಲ ನಾನು ಮೊದಲು ಮಾಡುವುದು ಮಲ್ಲೇಶ್ವರದ ಮೆಡಿಕಲ್ ಸ್ಟೋರಿಗೆ ಹೋಗಿ ಕಣ್ಣಿಗೆ ಹಾಕುವ ಹನಿ ತರುವುದು. ಹಿಂದೆ ಪತ್ರಿಕೆಗಳು ಕಟ್ಟು ಕಟ್ಟಾಗಿ ಬರುತ್ತಿದ್ದವು. ಟ್ವೈನ್ ದಾರ ಬಿಚ್ಚುವುದು, ಕೆಂಪು ಪೆನ್ನಿನ ಮಸಿ ಬೆರಳಿಗೆ ಅಂಟುವುದು, ನಡುವೆ ಪಕ್ಕದವರ ಜತೆ ಒಂದಿಷ್ಟು ಹರಟೆ, ಎಲ್ಲ ಇತ್ತು. ಈಗ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ತುಂಬಿರುತ್ತಾರೆ. ಬಸವನಗುಡಿಯ ಒಂದು ಕೇಂದ್ರದಲ್ಲಿ ಸಾಲಾಗಿ ಕುಳಿತು, ಮೊಬೈಲಿಗೆ ಬಂದ ಸಂಖ್ಯೆ ಒತ್ತಿ ಒಳಹೊಕ್ಕರೆ, ಸಂಜೆಯವರೆಗೆ ಪರದೆಯ ಮೇಲೆ ಯಾರ್ಯಾರದೋ ಕೈಬರಹ. ಹೆಸರಿಲ್ಲ, ಊರಿಲ್ಲ, ಒಂದು ಗುಪ್ತ ಸಂಖ್ಯೆ ಮಾತ್ರ. ಒಂದು ಪತ್ರಿಕೆಯನ್ನು ಬೇಗ ಮುಗಿಸಿದರೆ ಕಂಪ್ಯೂಟರ್ ಗದರುತ್ತದೆ, ನಿಧಾನ ಮಾಡಿದರೆ ಮುಖ್ಯಸ್ಥರು ಗದರುತ್ತಾರೆ.

ಎರಡು ದಶಕಗಳಿಂದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ವಿಭಾಗದ ಮಕ್ಕಳಿಗೆ ನಾನು ಹೇಳುತ್ತಿರುವುದು ಒಂದೇ ಪಾಠ. ತೊಲೆಯ ಮೇಲೆ ಭಾರ ಬಿದ್ದರೆ ಅದು ಎಷ್ಟು ಬಾಗುತ್ತದೆ. ಹೇಳಿ ಹೇಳಿ ನಾನೇ ಬಾಗಿದ್ದೇನೆ, ಅದನ್ನು ಲೆಕ್ಕ ಹಾಕುವವರು ಯಾರೂ ಇಲ್ಲ. ಕಳೆದ ಸಲದ ತಿದ್ದುವಿಕೆ ಮುಗಿದ ಮೇಲಂತೂ ಪಾಠ ಶುರುಮಾಡುವಾಗಲೇ ಸುಸ್ತಾಗುತ್ತದೆ. ಅದಕ್ಕೆ ಕಾರಣ ಒಬ್ಬ ಹುಡುಗಿ, ಮತ್ತು ಒಂದು ಪ್ರಶ್ನೆ.

ಹುಡುಗಿ ಅಂದೆ, ಮೂವತ್ತು ಹತ್ತಿರವಾಗಿರುವ ಹೆಂಗಸು. ಶ್ರೀರಾಂಪುರದವಳು. ಡಿಪ್ಲೊಮಾ ಮಾಡಿ, ಆಮೇಲೆ ನಮ್ಮ ಕಾಲೇಜಿನಲ್ಲಿ ಡಿಗ್ರಿಗೆ ಸೇರಿ, ಎಲ್ಲ ಪೇಪರುಗಳನ್ನೂ ಪಾಸು ಮಾಡಿ, ನನ್ನ ವಿಷಯದಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದ್ದಳು. ಚಾಮರಾಜಪೇಟೆಯಲ್ಲಿ ಕಟ್ಟಡದ ನಕ್ಷೆ ಮಾಡುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸ. ಇಂಜಿನಿಯರುಗಳು ಲೆಕ್ಕ ಮಾಡಿ ಕೊಟ್ಟದ್ದನ್ನು ಇವಳು ಕಂಪ್ಯೂಟರಿನಲ್ಲಿ ಗೆರೆಯಾಗಿ ಎಳೆಯಬೇಕು. ಡಿಗ್ರಿ ಕೈಗೆ ಬಂದರೆ ಲೆಕ್ಕ ಮಾಡುವವರ ಸಾಲಿಗೆ ಕೂರಿಸುತ್ತೇನೆ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಆದರೆ ಕೋರ್ಸು ಮುಗಿಸಲು ವಿಶ್ವವಿದ್ಯಾಲಯ ಕೊಡುವ ಗಡುವು ಮುಗಿಯುತ್ತ ಬಂದಿತ್ತು. ಇದೇ ಕೊನೆಯ ಪರೀಕ್ಷೆ. ಇದರಲ್ಲಿ ಹೋದರೆ ಪಾಸಾದ ಅಷ್ಟೂ ಪೇಪರುಗಳು ನೀರಿನಲ್ಲಿ ಹೋಮ ಮಾಡಿದ ಹಾಗೆ, ಡಿಗ್ರಿ ಇಲ್ಲ.

ಅವಳು ಭಾನುವಾರ ಬೆಳಿಗ್ಗೆ ಮಲ್ಲೇಶ್ವರದ ನಮ್ಮ ಮನೆಗೆ ಬರುತ್ತಿದ್ದಳು. ನಾನೇ ಬಾ ಎಂದಿದ್ದೆ. ಕರುಣೆಯಿಂದಲ್ಲ, ಸಿಟ್ಟಿನಿಂದ. ಇಷ್ಟು ಚುರುಕಾದವಳು ನನ್ನ ವಿಷಯದಲ್ಲೇ ಯಾಕೆ ಬೀಳುತ್ತಾಳೆ ಎಂಬುದು ನನಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ತಿಂಡಿಯ ಪಾತ್ರೆ ಸರಿಸಿ, ಊಟದ ಮೇಜಿನ ಮೇಲೆಯೇ ಪಾಠ. ಎರಡನೇ ಭಾನುವಾರದ ಹೊತ್ತಿಗೆ ರೋಗ ಗೊತ್ತಾಯಿತು. ಅವಳು ಎಡವುತ್ತಿದ್ದದ್ದು ಓವರ್‌ಹ್ಯಾಂಗಿಂಗ್ ಬೀಮಿನಲ್ಲಿ, ಅಂದರೆ ಎರಡು ಆಸರೆಗಳ ಮೇಲೆ ಕೂತು, ಒಂದು ಆಸರೆಯನ್ನು ದಾಟಿ ಸ್ವಲ್ಪ ಹೊರಕ್ಕೆ ಚಾಚಿಕೊಂಡ ತೊಲೆಯಲ್ಲಿ. ಹಳೇ ಮನೆಗಳ ಬಾಲ್ಕನಿಯ ಕೆಳಗೆ ಇರುತ್ತದಲ್ಲ, ಅದು.

ಇದರ ಬಾಗು ಕಂಡುಹಿಡಿಯಲು ಮೊಮೆಂಟ್ ಏರಿಯಾ ವಿಧಾನ ಅಂತ ಒಂದಿದೆ. ನೋಡಲು ಬಹಳ ಸಾಧು. ಬಾಗಿದ ತೊಲೆಯ ಒಂದು ಬಿಂದುವಿನಲ್ಲಿ ಸ್ಪರ್ಶರೇಖೆ ಎಳೆಯಬೇಕು. ಇನ್ನೊಂದು ಬಿಂದು ಆ ರೇಖೆಯಿಂದ ಎಷ್ಟು ದೂರ ಸರಿದಿದೆ ಎಂದು ತಿಳಿಯಬೇಕಾದರೆ, ಎರಡು ಬಿಂದುಗಳ ನಡುವೆ ಬಾಗಿಸುವ ಶಕ್ತಿ ಎಲ್ಲೆಲ್ಲಿ ಎಷ್ಟು ಎಂದು ತೋರಿಸುವ ಬೆಂಡಿಂಗ್ ಮೊಮೆಂಟ್ ಚಿತ್ರದ ವಿಸ್ತೀರ್ಣ ತೆಗೆದು, ಆ ಚಿತ್ರದ ಗುರುತ್ವಕೇಂದ್ರದಿಂದ ನಮಗೆ ಬೇಕಾದ ಬಿಂದುವಿಗೆ ಇರುವ ದೂರದಿಂದ ಗುಣಿಸಿ, ತೊಲೆಯ ಬಿಗಿತದಿಂದ ಭಾಗಿಸಿದರೆ ಸಾಕು. ತ್ರಿಕೋನದ ವಿಸ್ತೀರ್ಣ ಗೊತ್ತಿದ್ದರೆ ಹೈಸ್ಕೂಲು ಮಗುವೂ ಮಾಡಬಹುದು. ಸಾಧು ಅಂದೆನಲ್ಲ, ಇಲ್ಲಿಯೇ ಅದು ಹಾಯುವುದು. ಸಿಕ್ಕಿದ ದೂರ ಸ್ಪರ್ಶರೇಖೆಯಿಂದ ಅಳೆದದ್ದು; ತೊಲೆ ಮೊದಲಿದ್ದ ಜಾಗದಿಂದ ಅಳೆದದ್ದಲ್ಲ. ಒಂದೇ ತುದಿ ಗೋಡೆಯಲ್ಲಿ ಹುಗಿದ ಕ್ಯಾಂಟಿಲಿವರ್ ತೊಲೆಯಲ್ಲಾದರೆ ಎರಡೂ ಒಂದೇ, ಯಾಕೆಂದರೆ ಗೋಡೆಯ ಬಳಿ ತೊಲೆ ತಿರುಗುವುದಿಲ್ಲ, ಸ್ಪರ್ಶರೇಖೆ ಅಡ್ಡಕ್ಕೇ ಇರುತ್ತದೆ. ಹೊರಚಾಚಿದ ತೊಲೆ ಆಸರೆಯ ಮೇಲೆ ಸುಮ್ಮನೆ ಕೂತಿರುತ್ತದೆ ಅಷ್ಟೆ. ಒಳಗಿನ ಭಾರಕ್ಕೆ ಅದು ಆಸರೆಯ ಮೇಲೆಯೇ ತಿರುಗುತ್ತದೆ, ಅದರ ಜತೆಗೆ ಹೊರಗಿನ ತುದಿಯೂ ಹೋಗುತ್ತದೆ. ಆ ತಿರುವಿನ ಲೆಕ್ಕ ಸೇರಿಸದೆ, ಚಾಚಿದ ಭಾಗವನ್ನು ಮಾತ್ರ ಕತ್ತರಿಸಿ ಕ್ಯಾಂಟಿಲಿವರ್ ಎಂದು ಬರೆಯುವವರು ಅರ್ಧಕ್ಕರ್ಧ ಜನ. ಇವಳೂ ಆ ಅರ್ಧದಲ್ಲಿದ್ದಳು.

ನಾನು ಎರಡು ಲೋಟ ಬೋರಲು ಹಾಕಿ, ಮೇಲೆ ಪ್ಲಾಸ್ಟಿಕ್ ಸ್ಕೇಲ್ ಇಟ್ಟೆ, ಒಂದು ಕಡೆ ಹೊರಗೆ ಚಾಚಿಕೊಳ್ಳುವ ಹಾಗೆ. ಲೋಟಗಳ ನಡುವೆ ಬೆರಳಿನಿಂದ ಒತ್ತು ಎಂದೆ. ಒತ್ತಿದಳು. ಹೊರಗಿನ ತುದಿ ಮೇಲೆದ್ದಿತು. ಅವಳು ಬೆರಳು ತೆಗೆದು, ಮತ್ತೆ ಒತ್ತಿ, ಮತ್ತೆ ತೆಗೆದು ಒಂದಷ್ಟು ಹೊತ್ತು ಆಡಿದಳು. ಇಷ್ಟು ವರ್ಷ ಆಫೀಸಿನಲ್ಲಿ ನಾನು ಗೆರೆ ಎಳೆದ ಬಾಲ್ಕನಿಗಳೆಲ್ಲ ಹೀಗೆ ಮಾಡ್ತವಾ ಎಂದು ಕೇಳಿದಳು. ಒಳಗೆ ಭಾರ ಜಾಸ್ತಿ ಇದ್ದರೆ ಹಾಗೇ ಮಾಡ್ತವೆ, ಕಣ್ಣಿಗೆ ಕಾಣುವಷ್ಟಲ್ಲ ಅಷ್ಟೆ ಎಂದೆ. ಆಮೇಲಿನ ಭಾನುವಾರಗಳಲ್ಲಿ ಅವಳು ತಪ್ಪಲಿಲ್ಲ. ಪರೀಕ್ಷೆಯ ಹಿಂದಿನ ಭಾನುವಾರ ಉಪ್ಪಿಟ್ಟು ಕೊಟ್ಟು ಕಳಿಸುವಾಗ, ಈ ಸಲ ದಾಟುತ್ತಾಳೆ ಎಂದು ನನಗೆ ಖಾತ್ರಿಯಿತ್ತು.

ಪರೀಕ್ಷೆ ಆದ ಮೇಲೆ ಹೇಗೆ ಬರೆದೆ ಎಂದು ನಾನು ಕೇಳಲಿಲ್ಲ, ಅವಳೂ ಬರಲಿಲ್ಲ. ಪತ್ರಿಕೆ ತಿದ್ದಲು ಹೋಗುವವರು ಆ ಪ್ರಶ್ನೆ ಕೇಳಬಾರದು. ಯಾರೂ ಹಾಕಿದ ನಿಯಮವಲ್ಲ. ನಮ್ಮಪ್ಪ ಪೇಟೆಯಲ್ಲಿ ತಕ್ಕಡಿ ಹಿಡಿದು ಬದುಕಿದವರು, ಗಿರಾಕಿ ಯಾರು ಎಂದು ನೋಡಿ ತೂಗಬಾರದು ಎನ್ನುತ್ತಿದ್ದರು. ಅಂಗಡಿ ಹೋಯಿತು, ಮಾತು ಮನೆಯಲ್ಲಿ ಉಳಿಯಿತು.

ಕೇಂದ್ರದಲ್ಲಿ ಮೂರನೇ ದಿನವೋ ಏನೋ, ಮಧ್ಯಾಹ್ನ ಊಟ ಮುಗಿಸಿ, ಪರದೆಯ ಮೇಲೆ ಅಕ್ಷರಗಳು ಕಲಸಿಕೊಳ್ಳುತ್ತಿದ್ದ ಹೊತ್ತು. ಪಕ್ಕದ ಮೇಷ್ಟ್ರು ಕೂತಲ್ಲೇ ತೂಕಡಿಸುತ್ತಿದ್ದರು. ನನ್ನೆದುರು ಬಂದ ಪತ್ರಿಕೆಯಲ್ಲಿ ಅದೇ ಪ್ರಶ್ನೆ. ಆರು ಮೀಟರ್ ಅಂತರದ ಎರಡು ಆಸರೆಗಳು, ಒಂದನ್ನು ದಾಟಿ ಮೂರು ಮೀಟರ್ ಚಾಚಿದ ತೊಲೆ. ಆಸರೆಗಳ ನಟ್ಟನಡುವೆ ಎಂಬತ್ತು ಕಿಲೋನ್ಯೂಟನ್ ಭಾರ, ಹೊರಗಿನ ತುದಿಯಲ್ಲಿ ಹತ್ತು. ತುದಿ ಎಷ್ಟು ಸರಿಯುತ್ತದೆ, ಯಾವ ಕಡೆಗೆ? ಬರೆದವರು ಯಾರೋ ಅಚ್ಚುಕಟ್ಟಾಗಿ ಮಾಡಿ, ಇನ್ನೂರೆಪ್ಪತ್ತನ್ನು ಬಿಗಿತದಿಂದ ಭಾಗಿಸಿದಷ್ಟು, ಮೇಲಕ್ಕೆ ಎಂದು ಬರೆದಿದ್ದರು. ನಮಗೆ ಕೊಟ್ಟಿದ್ದ ಮಾದರಿ ಉತ್ತರದಲ್ಲಿ, ನಾವು ಸ್ಕೀಮ್ ಎನ್ನುತ್ತೇವೆ, ತೊಂಬತ್ತು, ಕೆಳಕ್ಕೆ ಎಂದಿತ್ತು. ಸೊನ್ನೆ ಒತ್ತಲು ನನ್ನ ಬೆರಳು ಆಗಲೇ ಹೋಗಿತ್ತು. ದಣಿದವರಿಗೆ ಸ್ಕೀಮ್ ಅನ್ನುವುದು ಎತ್ತಿಗೆ ಗಾಣದ ಸುತ್ತು ಇದ್ದ ಹಾಗೆ. ತಲೆ ಎತ್ತುವ ಕೆಲಸವಿಲ್ಲ.

ಯಾಕೋ ಒತ್ತಲಿಲ್ಲ. ಒಂದು ಹಾಳೆ ಕೇಳಿ ತೆಗೆದುಕೊಂಡು, ಬಿಗಿತದ ಭಾಗಾಕಾರವನ್ನು ಕೊನೆಗೆ ಬಿಟ್ಟು, ನಾನೇ ಮಾಡಿದೆ. ನಡುವಿನ ಭಾರದ ತ್ರಿಕೋನ, ಎತ್ತರ ನೂರಿಪ್ಪತ್ತು, ವಿಸ್ತೀರ್ಣ ಮುನ್ನೂರರವತ್ತು. ಅದರ ಗುರುತ್ವಕೇಂದ್ರ ಒಳಗಿನ ಆಸರೆಯಿಂದ ಮೂರು ಮೀಟರ್ ದೂರ, ಗುಣಿಸಿದರೆ ಸಾವಿರದೆಂಬತ್ತು. ತುದಿಯ ಭಾರದಿಂದ ಬಂದ ಉಲ್ಟಾ ತ್ರಿಕೋನ, ವಿಸ್ತೀರ್ಣ ತೊಂಬತ್ತು, ನಾಲ್ಕು ಮೀಟರ್ ದೂರ, ಮುನ್ನೂರರವತ್ತು. ಕಳೆದರೆ ಏಳುನೂರಿಪ್ಪತ್ತು. ಆರು ಮೀಟರಿನಿಂದ ಭಾಗಿಸಿದರೆ ಹೊರ ಆಸರೆಯ ಮೇಲಿನ ತಿರುವು ನೂರಿಪ್ಪತ್ತು. ಆ ತಿರುವು ಮೂರು ಮೀಟರ್ ಆಚೆಯ ತುದಿಯನ್ನು ಮುನ್ನೂರರವತ್ತು ಮೇಲೆತ್ತುತ್ತದೆ. ತುದಿಯ ಭಾರ ಸ್ಪರ್ಶರೇಖೆಯಿಂದ ಅದನ್ನು ತೊಂಬತ್ತು ಕೆಳಗಿಳಿಸುತ್ತದೆ. ಉಳಿದದ್ದು ಇನ್ನೂರೆಪ್ಪತ್ತು, ಮೇಲಕ್ಕೆ. ಸ್ಕೀಮ್ ಬರೆದ ಪುಣ್ಯಾತ್ಮರು ಕೊನೆಯ ತೊಂಬತ್ತನ್ನು ಮಾತ್ರ ಹಿಡಿದುಕೊಂಡು ಕ್ಯಾಂಟಿಲಿವರ್ ಮಾಡಿ ಮುಗಿಸಿದ್ದರು. ಮಕ್ಕಳು ಮಾಡುವ ತಪ್ಪನ್ನೇ ಮೇಷ್ಟ್ರೂ ಮಾಡಿದ್ದರು.

ನನಗೆ ಆಗ ನೆನಪಾದದ್ದು ಅವಳೇ. ಸುಳ್ಳು ಯಾಕೆ ಹೇಳಲಿ. ಭಾನುವಾರ ಭಾನುವಾರ ಕೂತು ಕಲಿತವಳು ಮೇಲಕ್ಕೆ ಎಂದು ಬರೆದಿರುತ್ತಾಳೆ, ಯಾವ ಪರದೆಯ ಮೇಲೋ ಯಾರೋ ತೂಕಡಿಸುತ್ತ ಸೊನ್ನೆ ಒತ್ತಿರುತ್ತಾರೆ ಎನಿಸಿ ಮೈ ಉರಿಯಿತು. ಎದ್ದು ಮುಖ್ಯಸ್ಥರ ಹತ್ತಿರ ಹೋದೆ.

ಮುಖ್ಯಸ್ಥರು ಒಳ್ಳೆಯವರು. ನಿವೃತ್ತಿ ಹತ್ತಿರ, ಸೊಂಟನೋವು, ಕುರ್ಚಿಯ ಮೇಲೆ ದಿಂಬು. ನನ್ನ ಹಾಳೆ ನೋಡಿದರು, ತಮ್ಮ ಪೆನ್ನಿನಿಂದ ಒಮ್ಮೆ ಮಾಡಿದರು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ತಪ್ಪೇ ಎಂದು ಒಪ್ಪಿಕೊಂಡರು. ಆದರೆ ಆಗಲೇ ರಾಶಿ ಪತ್ರಿಕೆಗಳು ಆ ಸ್ಕೀಮಿನಲ್ಲಿ ಮುಗಿದಿದ್ದವು. ಬದಲಾಯಿಸಿದರೆ ಎಲ್ಲವನ್ನೂ ವಾಪಸು ತರಿಸಿ, ಆ ಒಂದು ಪ್ರಶ್ನೆಯನ್ನು ಮತ್ತೆ ತಿದ್ದಬೇಕು. ಸುತ್ತ ಕೂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಯಾರ ಕಣ್ಣಿನಲ್ಲೂ ಪ್ರೀತಿ ಇರಲಿಲ್ಲ.

"ಎರಡಕ್ಕೂ ಕೊಟ್ಬಿಡೋಣ ಮೇಡಂ," ಎಂದರು ಮುಖ್ಯಸ್ಥರು. "ಮೇಲಕ್ಕೆ ಅಂದವ್ರಿಗೂ ಕೊಡಿ, ಕೆಳಕ್ಕೆ ಅಂದವ್ರಿಗೂ ಕೊಡಿ. ಯಾರಿಗೂ ನಷ್ಟ ಇಲ್ಲ."

"ಒಂದೇ ತುದಿ ಮೇಲಕ್ಕೂ ಹೋಗತ್ತೆ, ಕೆಳಕ್ಕೂ ಹೋಗತ್ತೆ ಅಂದ್ರೆ ನಾವು ಇಷ್ಟು ವರ್ಷ ಏನ್ ಪಾಠ ಮಾಡಿದ್ದು ಸರ್?" ಎಂದೆ.

ಎರಡಕ್ಕೂ ಕೊಡುವುದು ಹೊಸದೇನಲ್ಲ, ಪ್ರಶ್ನೆಯೇ ಅಸ್ಪಷ್ಟವಾಗಿದ್ದರೆ ಹಾಗೆ ಮಾಡುತ್ತೇವೆ. ಇಲ್ಲಿ ಪ್ರಶ್ನೆ ಕನ್ನಡಿಯ ಹಾಗೆ ಸ್ಪಷ್ಟವಾಗಿತ್ತು. ನಾಳೆ ಈ ಮಕ್ಕಳೇ ಬಾಲ್ಕನಿ ಕಟ್ಟಿಸುವವರು, ತಿರುವನ್ನು ಮರೆತವನಿಗೂ ನೆನಪಿಟ್ಟವನಿಗೂ ಒಂದೇ ಅಂಕವಾದರೆ ನೆನಪಿಡುವವರು ಯಾರು ಎಂದು ನಾನು ವಾದಿಸಿದೆ. ದನಿ ಏರಿತ್ತು. ಪಕ್ಕದ ಮೇಷ್ಟ್ರಿಗೆ ಪೂರ್ತಿ ಎಚ್ಚರವಾಗಿತ್ತು. ಕೊನೆಗೆ ಮುಖ್ಯಸ್ಥರು ಮೇಲಿನವರಿಗೆ ಫೋನು ಮಾಡಿ, ಸ್ಕೀಮ್ ತಿದ್ದಿಸಿದರು. ಮೊಮೆಂಟ್ ಚಿತ್ರಕ್ಕೆ ಇಷ್ಟು, ತಿರುವಿಗೆ ಇಷ್ಟು, ಸರಿಯಾದ ಉತ್ತರಕ್ಕೆ ಇಷ್ಟು. ಬರೀ ಕ್ಯಾಂಟಿಲಿವರ್ ಮಾಡಿ ಕೆಳಕ್ಕೆ ಎಂದವರಿಗೆ ಚಿತ್ರದ ಅಂಕ ಬಿಟ್ಟರೆ ಏನೂ ಇಲ್ಲ.

ಹಳೆಯ ಪತ್ರಿಕೆಗಳೆಲ್ಲ ವಾಪಸು ಬಂದವು. ಒಂದು ದಿನದ ಕೆಲಸ ಹೆಚ್ಚಾಯಿತು. ಮತ್ತಿಕೆರೆಯಿಂದ ಬರುತ್ತಿದ್ದ ಮೇಡಂ ಒಬ್ಬರು ಕಾಫಿಗೆ ನನ್ನನ್ನು ಕರೆಯುವುದನ್ನೇ ಬಿಟ್ಟರು. ಸಂಜೆ ಮೆಟ್ರೊದಲ್ಲಿ ಕಂಬಕ್ಕೆ ಒರಗಿ ನಿಂತು ಬರುವಾಗ ಬೆನ್ನು, ಕಣ್ಣು, ಎಲ್ಲ ಸೋತಿದ್ದವು. ಆದರೂ ಒಳಗೆ ತೃಪ್ತಿಯಿತ್ತು. ಒಬ್ಬ ಹುಡುಗಿಯನ್ನು ದಡ ಸೇರಿಸಿದೆ ಎಂದುಕೊಂಡು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಫಲಿತಾಂಶ ಬಂದು ಒಂದು ವಾರವಾದರೂ ಅವಳ ಫೋನಿಲ್ಲ. ಪಾಸಾದವರು ಸಿಹಿ ತರಲು ಮರೆತರೂ ಫೋನು ಮಾಡಲು ಮರೆಯುವುದಿಲ್ಲ. ನಾನೇ ಮಾಡಿದೆ. ಭಾನುವಾರ ಬರ್ತೀನಿ ಮೇಡಂ ಎಂದಳು, ಅಷ್ಟೆ. ದನಿಯಲ್ಲೇ ಗೊತ್ತಾಯಿತು.

ಬಂದಾಗ ಮುಖ ಚೊಕ್ಕಟವಾಗಿ ತೊಳೆದುಕೊಂಡು, ಕುಂಕುಮ ಇಟ್ಟುಕೊಂಡು, ಯಾರದೋ ಮದುವೆಗೆ ಹೊರಟವಳ ಹಾಗೆ ಬಂದಿದ್ದಳು. ಕೆಲವೇ ಅಂಕಗಳಲ್ಲಿ ಹೋಗಿತ್ತು. ಕೃಪಾಂಕ ಸೇರಿದರೂ ಮುಟ್ಟುತ್ತಿರಲಿಲ್ಲ. ಆಫೀಸಿನಲ್ಲಿ ಹೇಳಿಯಾಯಿತು, ಮಾಲೀಕರು ಇರಲಿ ಬಿಡಮ್ಮ, ಡ್ರಾಯಿಂಗ್ ಕೆಲಸ ಇದ್ದೇ ಇದೆ ಎಂದರಂತೆ. ಮನೆಯಲ್ಲಿ ಅಕ್ಕ ಭಾವನಿಗೂ ಹೇಳಿಯಾಯಿತು. ಉಳಿದದ್ದು ಒಂದೇ ಪ್ರಶ್ನೆ, ಮರುಮೌಲ್ಯಮಾಪನಕ್ಕೆ ಹಾಕಬಹುದಾ? ಅದನ್ನು ಕೇಳಲು ಬಂದಿದ್ದಳು. ಎಲ್ಲಿ ಹೋಯಿತು ಅನಿಸುತ್ತದೆ ಎಂದು ಕೇಳಿದೆ. ಬೇರೆ ಲೆಕ್ಕಗಳೆಲ್ಲ ಅವಳು ಎಣಿಸಿದ ಹಾಗೇ ಬಂದಿರಬೇಕು, ಓವರ್‌ಹ್ಯಾಂಗಿನದ್ದೇ ಏನೋ ಆಗಿದೆ ಎಂದಳು. ಅದು ನಿನಗೆ ನೀರು ಕುಡಿದ ಹಾಗೆ ಬರುತ್ತಿತ್ತಲ್ಲ, ಏನು ಬರೆದೆ ಎಂದೆ.

ಅವಳು ಮೇಜಿನ ಮೇಲೆ ಬೆರಳಿನಿಂದಲೇ ತೊಲೆಯ ಗೆರೆ ಎಳೆದಳು.

"ಮೊದ್ಲು ನೀವು ಹೇಳ್ಕೊಟ್ಟಂಗೇ ಮಾಡ್ದೆ ಮೇಡಂ. ಇನ್ನೂರೆಪ್ಪತ್ತು ಬಂತು, ಮೇಲಕ್ಕೆ ಅಂತ. ಸ್ಕೇಲಲ್ಲಿ ನೋಡ್ದಾಗ ತುದೀಲಿ ಏನೂ ಇರ್ಲಿಲ್ಲ, ಇಲ್ಲಿ ಹತ್ತು ಕಿಲೋನ್ಯೂಟನ್ ಕೂತಿದೆ. ಅಷ್ಟು ಭಾರ ಹೊತ್ಕೊಂಡು ತುದಿ ಮೇಲ್ ಹೇಗೆ ಹೋಗತ್ತೆ ಅಂತ ಭಯ ಆಯ್ತು. ಕೊನೇ ಚಾನ್ಸು ಬೇರೆ. ಹೊಡೆದ್ಹಾಕಿ, ಕ್ಯಾಂಟಿಲಿವರ್ ಥರ ಮಾಡಿ ತೊಂಬತ್ತು ಕೆಳಕ್ಕೆ ಅಂತ ಬರ್ದೆ. ಅದು ನೋಡೋಕೆ ಸರಿ ಅನ್ನಿಸ್ತು."

ಅಡ್ಡಗೆರೆ ಎಳೆದದ್ದನ್ನು ನಾವು ತಿದ್ದುವಂತಿಲ್ಲ. ಕೆಳಗೆ ಬರೆದದ್ದನ್ನು ಮಾತ್ರ ನೋಡಬೇಕು. ಕೆಳಗೆ ಬರೆದಿದ್ದದ್ದು ತೊಂಬತ್ತು. ಮೂರನೇ ದಿನದ ಮಧ್ಯಾಹ್ನದವರೆಗೆ ಅದಕ್ಕೆ ಪೂರ್ತಿ ಅಂಕವಿತ್ತು. ನಾನು ಎದ್ದು ಹೋಗದಿದ್ದರೆ ಈಗಲೂ ಇರುತ್ತಿತ್ತು. ಮುಖ್ಯಸ್ಥರ ಮಾತು ಕೇಳಿ ಎರಡಕ್ಕೂ ಎಂದಿದ್ದರೂ ಇರುತ್ತಿತ್ತು. ಅಲ್ಲಿಗೆ ಈ ಹುಡುಗಿ ಇಂಜಿನಿಯರ್.

ನಾನು ಅಡುಗೆಮನೆಗೆ ಹೋಗಿ ಕಾಫಿಗೆ ಹಾಲಿಟ್ಟೆ. ಹಾಲು ಕಾಯುವವರೆಗೆ ಅಲ್ಲೇ ನಿಂತಿದ್ದೆ. ಮತ್ತೆ ಆ ಕೇಂದ್ರದಲ್ಲಿ ಕೂತರೂ ನಾನು ಎದ್ದು ಹೋಗುತ್ತೇನೆ, ತಪ್ಪು ತಪ್ಪೇ. ಅದರಲ್ಲಿ ಅನುಮಾನವಿಲ್ಲ. ಆದರೆ ಎರಡಕ್ಕೂ ಕೊಡೋಣ ಎಂದಾಗ ಬೇಡವೆಂದದ್ದು ತೊಲೆಯ ಮೇಲಿನ ನಿಷ್ಠೆಯೋ, ಹತ್ತು ಜನರೆದುರು ಗೆಲ್ಲುವ ಹಟವೋ ಎಂದು ಕೇಳಿಕೊಂಡರೆ ಇಂದಿಗೂ ನನಗೆ ಉತ್ತರ ಹೊಳೆಯುವುದಿಲ್ಲ. ನಾನು ಸರಿಯಾಗಿದ್ದೆ, ಅವಳ ಡಿಗ್ರಿ ಹೋಗಿತ್ತು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಧೈರ್ಯ ಸಾಲದು.

ಸುಮ್ಮನಿರಬಹುದಿತ್ತು. ಕೇಂದ್ರದಲ್ಲಿ ನಡೆದದ್ದನ್ನು ಹೊರಗೆ ಹೇಳಬಾರದು ಎಂದು ಸಹಿ ಹಾಕಿದ್ದೆ. ಮರುಮೌಲ್ಯಮಾಪನಕ್ಕೆ ಹಾಕಿ ನೋಡು ಎಂದು ಒಂದು ಮಾತು ಹೇಳಿ, ಇನ್ನೆರಡು ತಿಂಗಳು ಅವಳನ್ನು ಆಸೆಯಲ್ಲಿಟ್ಟು ಕಳಿಸಬಹುದಿತ್ತು. ಅವಳ ಮುಂದೆ ಕಾಫಿ ಇಟ್ಟು ಕೂತೆ.

"ಹಾಕ್ಬೇಡ. ಏನೂ ಬರಲ್ಲ," ಎಂದೆ. "ಮೊದ್ಲು ನಮಗೆ ಕೊಟ್ಟಿದ್ದ ಸ್ಕೀಮಲ್ಲಿ ತೊಂಬತ್ತು ಕೆಳಕ್ಕೆ ಅಂತಾನೇ ಇತ್ತು. ತಪ್ಪು ಅಂತ ಜಗಳ ಆಡಿ ತೆಗೆಸಿದ್ದು ನಾನೇ."

ಅವಳು ಲೋಟ ಮುಟ್ಟಲಿಲ್ಲ. ಹೊರಗೆ ಹೂವಿನವನು ಕೂಗಿಕೊಂಡು ಹೋದ, ಪಕ್ಕದ ಮನೆಯ ಕುಕ್ಕರ್ ಕೂಗಿತು. ಬೈದರೆ ಬೈಸಿಕೊಳ್ಳಲು ನಾನು ತಯಾರಾಗಿದ್ದೆ. ಬೈದರೆ ಚೆನ್ನಾಗಿತ್ತು.

"ಅಂದ್ರೆ ಮೇಲಕ್ಕೇ ಸರಿನಾ?" ಎಂದು ಕೇಳಿದಳು.

"ಮೇಲಕ್ಕೇ."

"ಇನ್ನೂರೆಪ್ಪತ್ತೇ?"

"ಇನ್ನೂರೆಪ್ಪತ್ತೇ. ನೀನು ಹೊಡೆದುಹಾಕಿದ್ದೇ ಸರಿ."

"ಹಾಗಾದ್ರೆ ನಂಗೆ ಬರ್ತಿತ್ತು, ಮೇಡಂ," ಎಂದಳು. ಫಲಿತಾಂಶ ಬಂದ ದಿನವೂ, ಆಫೀಸಿನಲ್ಲೂ, ಅಕ್ಕನ ಮುಂದೆಯೂ ಅಳದವಳು ಆಗ ಅತ್ತಳು.